‘ತಿಳಿಯುವರು’ ಎಂಬ ಕ್ರಿಯಾಪದ

ಇತಿಹಾಸದ ವಿದ್ಯಾರ್ಥಿಯೊಬ್ಬನು ರಸಾಯನಶಾಸ್ತ್ರದ ಪಾಠವನ್ನು ಕುರಿತು ಬರೆಯಲು ಹೊರಟರೆ ಓದುವವರಿಗೆ ನಗು ಬರುವುದು ಸಹಜ. ನಮ್ಮ ಊರು ಉಮ್ಮತ್ತೂರು. ವಿಜಯನಗರದ ಕೃಷ್ಣದೇವರಾಯನಿಗೆ ತಲೆಬಾಗದೆ ಸೆಣಸಿದ ಪಾಳೆಯಗಾರರ ಊರೆಂದು ನಮ್ಮ ಇತಿಹಾಸದ ಪುಸ್ತಕಗಳು ಅದನ್ನು ನೆನೆಯುತ್ತವೆ. ನಾನು ಅದನ್ನು ಕುರಿತು ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನಾನು ಇತಿಹಾಸದ ವಿದ್ಯಾರ್ಥಿಯಾದುದೇ ರಸಾಯನಶಾಸ್ತ್ರದ ಒಂದು ಪಾಠದ ದೆಸೆಯಿಂದ. ಆ ಪಾಠಕ್ಕಿಂತಲೂ ಹೆಚ್ಚಾಗಿ, ಆ ಪಾಠದ ಗುರಿಯನ್ನು ಬರೆಯುವಾಗ ಬಳಸುವ ಒಂದು ಕ್ರಿಯಾಪದದ ದೆಸೆಯಿಂದ. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಆಡುವ ಅಧಿಕಾರ ನನಗೂ ಸ್ವಲ್ಪ ಉಂಟೆಂದು ಭಾವಿಸಿದ್ದೇನೆ.

ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತದ್ದು 2021ರಲ್ಲಿ. ಕೊರೋನಾ ಪಿಡುಗಿನ ಆ ವರ್ಷ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ ಮುಗಿಸಿದರು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಟ್ಟಿಗೆ ಬರೆದೆವು. ‘ಬರೆದೆವು’ ಎಂದೆನಲ್ಲ, ಅದು ತಪ್ಪು. ವಿಷಯಕ್ಕೆ 40 ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳು. ಸರಿಯಾದುದರ ಎದುರು ಸೊನ್ನೆಯನ್ನು ಮಸಿಯಿಂದ ತುಂಬಬೇಕು. ಒಂದು ವಾಕ್ಯವನ್ನೂ ಬರೆಯಬೇಕಾಗಿರಲಿಲ್ಲ. ಆ ದಿನಗಳ ಕಷ್ಟದಲ್ಲಿ ಅದಕ್ಕಿಂತ ಬೇರೆ ದಾರಿ ಇರಲಿಲ್ಲವೆಂಬುದನ್ನು ನಾನು ಬಲ್ಲೆ, ಯಾರನ್ನೂ ದೂರುತ್ತಿಲ್ಲ. ವಿಜ್ಞಾನದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಮೊದಲನೆಯವನು ನಾನು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡೆ.

ಮೂರನೆಯ ವಾರವಿರಬಹುದು. ಉಪನ್ಯಾಸಕರು ನನ್ನನ್ನು ಕರೆದು, ಅಲ್ಯೂಮಿನಿಯಂ ಆಮ್ಲಜನಕದೊಡನೆ ಸೇರಿ ಅಲ್ಯೂಮಿನಿಯಂ ಆಕ್ಸೈಡ್ ಆಗುವುದನ್ನು ಕಪ್ಪು ಹಲಗೆಯ ಮೇಲೆ ಸಮೀಕರಣವಾಗಿ ಬರೆದು ಸರಿದೂಗಿಸಲು ಹೇಳಿದರು. ಸೀಮೆಸುಣ್ಣ ಹಿಡಿದು ನಿಂತೆ. ನಾಲ್ಕು ಸಮೀಕರಣಗಳನ್ನು ಎದುರಿಗಿಟ್ಟು ಯಾವುದು ಸರಿ ಎಂದು ಕೇಳಿದ್ದರೆ, ಎಡಬಲಗಳ ಪರಮಾಣುಗಳನ್ನು ಎಣಿಸಿ ತೋರಿಸುತ್ತಿದ್ದೆ. ಬರಿಯ ಹಲಗೆಯ ಮೇಲೆ ನಾನಾಗಿಯೇ ಒಂದನ್ನು ಬರೆಯುವುದು ನನ್ನಿಂದಾಗಲಿಲ್ಲ. ಅದು ನನಗೆ ಬರುವುದಿಲ್ಲವೆಂಬುದು ಆ ಗಳಿಗೆಯವರೆಗೆ ನನಗೇ ತಿಳಿದಿರಲಿಲ್ಲ! ಮುಂದಿನ ವಾರ ಅರ್ಜಿ ಕೊಟ್ಟು ಕಲಾ ವಿಭಾಗಕ್ಕೆ ಬಂದೆ. ಇತಿಹಾಸವನ್ನು ಈಗ ನಾನು ಪ್ರೀತಿಯಿಂದಲೇ ಓದುತ್ತಿದ್ದೇನೆ. ಆದರೆ ಅದನ್ನು ನಾನು ಆರಿಸಿಕೊಂಡು ಬರಲಿಲ್ಲ, ಸೋತು ಬಂದೆ.

ಈ ಹಳೆಯ ಮಾತನ್ನು ನೆನಪಿಸಿದವಳು ನನ್ನ ತಂಗಿ. ಅವಳು ಈಗ ಹತ್ತನೆಯ ತರಗತಿ. ವಿಜ್ಞಾನದ ಮೊದಲನೆಯ ಅಧ್ಯಾಯವೇ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಸಂಜೆಯ ಹೊತ್ತು ಅವಳೂ ನೆರೆಮನೆಯ ನಾಲ್ಕು ಮಕ್ಕಳೂ ನಮ್ಮ ಜಗಲಿಯ ಮೇಲೆ ಕುಳಿತು ಓದುತ್ತಾರೆ. ಅವಳ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ‘ಕಲಿಕಾ ಫಲಗಳು’ ಎಂಬ ತಲೆಬರಹದ ಕೆಳಗೆ ಹೀಗೆ ಇತ್ತು: ‘ವಿದ್ಯಾರ್ಥಿಗಳು ರಾಸಾಯನಿಕ ಕ್ರಿಯೆಯ ಅರ್ಥವನ್ನು ತಿಳಿಯುವರು. ಸಮೀಕರಣಗಳನ್ನು ಸರಿದೂಗಿಸುವುದನ್ನು ಅರಿಯುವರು. ರಾಸಾಯನಿಕ ಕ್ರಿಯೆಗಳ ವಿಧಗಳನ್ನು ಅರ್ಥಮಾಡಿಕೊಳ್ಳುವರು.’

“ಇವೆಲ್ಲ ನಿನಗೆ ಬಂದಿವೆಯೇನವ್ವ?” ಎಂದು ಕೇಳಿದೆ.

“ಬಂದವೆ ಕನಣ್ಣ, ಎಲ್ಲಾ ಅರ್ಥ ಆಗದೆ,” ಎಂದಳು.

ಅವಳು ಸುಳ್ಳು ಹೇಳಲಿಲ್ಲ. 2021ರಲ್ಲಿ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ‘ತಿಳಿಯುವರು’, ‘ಅರಿಯುವರು’, ‘ಅರ್ಥಮಾಡಿಕೊಳ್ಳುವರು’ ಎಂಬ ಕ್ರಿಯಾಪದಗಳ ಕೆಲಸ ನಡೆಯುವುದು ತಲೆಯ ಒಳಗೆ. ಹೊರಗೆ ಕುಳಿತವರಿಗೆ ಅದು ಕಾಣಿಸದು. ಎಷ್ಟೋ ವೇಳೆ ಒಳಗಿರುವವನಿಗೂ ಕಾಣಿಸದು. ಕಾಣದುದನ್ನು ಅಳೆಯುವುದಾದರೂ ಹೇಗೆ?

ಈ ತೊಂದರೆ ಹೊಸತೇನೂ ಅಲ್ಲ. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ಆರು ಮೆಟ್ಟಿಲುಗಳಾಗಿ ಜೋಡಿಸಿದರು. ಮೊದಲು ಆ ಮೆಟ್ಟಿಲುಗಳಿಗೆ ‘ಜ್ಞಾನ’, ‘ಗ್ರಹಿಕೆ’ ಮೊದಲಾದ ನಾಮಪದಗಳೇ ಹೆಸರಾಗಿದ್ದುವು. 2001ರಲ್ಲಿ ಅದನ್ನು ಪರಿಷ್ಕರಿಸಿದವರು ಅವನ್ನೆಲ್ಲ ಕ್ರಿಯಾಪದಗಳಾಗಿ ಬದಲಾಯಿಸಿದರು. ಇವೆರಡರ ನಡುವೆ, 1962ರಲ್ಲಿ, ರಾಬರ್ಟ್ ಮೇಗರ್ ಎಂಬುವರು ಒಂದು ಸಣ್ಣ ಪುಸ್ತಕವನ್ನು ಬರೆದು, ಗುರಿಯ ವಾಕ್ಯದಲ್ಲಿ ಮೂರು ಅಂಗಗಳಿರಬೇಕೆಂದರು. ಕಲಿತವನು ಏನು ಮಾಡಿ ತೋರಿಸುತ್ತಾನೆ ಎಂಬುದು ಒಂದು. ಯಾವ ಸಂದರ್ಭದಲ್ಲಿ, ಏನನ್ನು ಕೈಯಲ್ಲಿ ಕೊಟ್ಟಾಗ ಮಾಡುತ್ತಾನೆ ಎಂಬುದು ಎರಡು. ಎಷ್ಟು ಚೆನ್ನಾಗಿ ಮಾಡಿದರೆ ಸಾಕು ಎಂಬುದು ಮೂರು. ಕನ್ನಡದಲ್ಲಿ ಇವನ್ನು ಕ್ರಿಯೆ, ಸಂದರ್ಭ, ಅಳತೆ ಎಂದು ಕರೆಯೋಣ. ಎನ್.ಸಿ.ಇ.ಆರ್.ಟಿ.ಯವರು ಪ್ರೌಢ ಹಂತಕ್ಕೆ ಪ್ರಕಟಿಸಿರುವ ಕಲಿಕಾ ಫಲಗಳಲ್ಲಿ ಕ್ರಿಯಾಪದಗಳೇನೋ ಒಳ್ಳೆಯವೇ ಇವೆ: ‘ವರ್ಗೀಕರಿಸುವರು’, ‘ವಿವರಿಸುವರು’, ‘ಪ್ರಯೋಗವನ್ನು ಯೋಜಿಸಿ ನಡೆಸುವರು’. ಆದರೆ ಅವು ಇಡೀ ವರ್ಷಕ್ಕೆ ಬರೆದವು. ಒಂದು ಅಧ್ಯಾಯಕ್ಕೆ ಇಳಿಸಿಕೊಳ್ಳುವಾಗ ಸಂದರ್ಭವನ್ನೂ ಅಳತೆಯನ್ನೂ ಉಪಾಧ್ಯಾಯರೇ ಸೇರಿಸಬೇಕಾಗುತ್ತದೆ. ಅಲ್ಲಿಯೇ ಕೈ ಸೋತು, ಲೇಖನಿ ಹಳೆಯ ‘ತಿಳಿಯುವರು’ ಎಂಬಲ್ಲಿಗೆ ಹಿಂದಿರುಗುತ್ತದೆ.

ಮೇಲಿನ ಮೂರು ವಾಕ್ಯಗಳಲ್ಲಿ ಎರಡನೆಯದನ್ನೇ ತೆಗೆದುಕೊಂಡು ನೋಡೋಣ: ‘ಸಮೀಕರಣಗಳನ್ನು ಸರಿದೂಗಿಸುವುದನ್ನು ಅರಿಯುವರು.’ ಇದರಲ್ಲಿ ಸರಿದೂಗಿಸುವುದು ಎಂಬ ಒಳ್ಳೆಯ ಕ್ರಿಯಾಪದ ಅಡಗಿದೆ. ‘ಅರಿಯುವರು’ ಎಂಬುದು ಅದನ್ನು ಮುಚ್ಚಿದೆ. ಮುಚ್ಚಳವನ್ನು ತೆಗೆದು ನಾನು ಹೀಗೆ ಬರೆದೆ: ‘ಶಬ್ದಗಳಲ್ಲಿ ಹೇಳಿದ ಐದು ಕ್ರಿಯೆಗಳನ್ನು ಪುಸ್ತಕ ನೋಡದೆ ಸೂತ್ರಗಳಲ್ಲಿ ಬರೆದು, ನಾಲ್ಕನ್ನಾದರೂ ಸರಿದೂಗಿಸುವರು.’ ಕ್ರಿಯೆ, ಸಂದರ್ಭ, ಅಳತೆ ಮೂರೂ ಇವೆ. ಬಹಳ ಸೊಗಸಾಗಿದೆಯೆಂದುಕೊಂಡೆ. ಜಗಲಿಯ ಐವರಿಗೂ ಒಂದೊಂದು ಹಾಳೆ ಕೊಟ್ಟೆ. ನನ್ನನ್ನು ಸೋಲಿಸಿದ ಅಲ್ಯೂಮಿನಿಯಂ ಆಕ್ಸೈಡನ್ನೂ, ಜಲಜನಕ ಉರಿದು ನೀರಾಗುವುದನ್ನೂ ಅದರಲ್ಲಿ ಸೇರಿಸಿದ್ದೆ.

ಫಲ ಬಂದಾಗ ಬೆರಗಾದೆ. ಅಲ್ಯೂಮಿನಿಯಂ ಪ್ರಶ್ನೆಯಲ್ಲಿ ಮೂವರು ತಪ್ಪಿದ್ದರು. ಮೂವರ ತಪ್ಪೂ ಬೇರೆಬೇರೆ. ಒಬ್ಬನು ಅಲ್ಯೂಮಿನಿಯಂ ಆಕ್ಸೈಡಿನ ಸೂತ್ರವನ್ನೇ AlO ಎಂದು ಬರೆದಿದ್ದ. ಅಲ್ಯೂಮಿನಿಯಂನ ವೇಲೆನ್ಸಿ 3, ಆಮ್ಲಜನಕದ್ದು 2. ಆದ್ದರಿಂದ ಸೂತ್ರ Al₂O₃ ಆಗಬೇಕೆಂಬುದು ಅವನಿಗೆ ಮರೆತಿತ್ತು. ಆ ತಪ್ಪು ಸೂತ್ರದ ಮೇಲೆ ಅವನು ಮಾಡಿದ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಅಂದರೆ ಅವನಿಗೆ ಸರಿದೂಗಿಸಲು ಬರುತ್ತದೆ. ಬಾರದಿರುವುದು ಸೂತ್ರ ಬರೆಯಲು, ಅದು ಹಿಂದಿನ ತರಗತಿಯ ಪಾಠ. ಎರಡನೆಯವಳು Al + 3O₂ → 2Al₂O₃ ಎಂದು ಬರೆದು ನಿಲ್ಲಿಸಿದ್ದಳು. ಆಮ್ಲಜನಕ ಎಡಗಡೆ 2, ಬಲಗಡೆ 3. ಎರಡನ್ನೂ 6 ಮಾಡಬೇಕೆಂಬುದನ್ನು ಕಂಡುಕೊಂಡಿದ್ದಳು. ಹಾಗೆ ಮಾಡಿದಾಗ ಬಲಗಡೆಯ ಅಲ್ಯೂಮಿನಿಯಂ 4 ಆಯಿತೆಂಬುದನ್ನು ಮತ್ತೆ ಎಣಿಸಲಿಲ್ಲ. ಎಡಗಡೆ 4Al ಎಂದು ಬರೆದಿದ್ದರೆ ಮುಗಿದಿತ್ತು: 4Al + 3O₂ → 2Al₂O₃. ಅವಳಿಗೆ ಬೇಕಾದುದು ಹೊಸ ಪಾಠವಲ್ಲ. ಕೊನೆಯಲ್ಲಿ ಇನ್ನೊಮ್ಮೆ ಎಣಿಸುವ ಅಭ್ಯಾಸ.

ಮೂರನೆಯವಳು ನನ್ನ ತಂಗಿ. ಅವಳು Al + O₂ → AlO₂ ಎಂದು ಬರೆದಿದ್ದಳು. ನೀರಿನ ಪ್ರಶ್ನೆಗೂ ಹಾಗೆಯೇ H₂ + O₂ → H₂O₂ ಎಂದು ಬರೆದು, “ಎಣಿಸಿ ನೋಡಣ್ಣ, ಎಲ್ಡೂ ಕಡೆ ಸರಿ ಇಲ್ವಾ?” ಎಂದು ವಾದಿಸಿದಳು. ಎಣಿಕೆಯೇನೋ ಸರಿಯೆ: ಎರಡು ಕಡೆಯೂ ಜಲಜನಕ 2, ಆಮ್ಲಜನಕ 2. ಆದರೆ H₂O₂ ಎಂಬುದು ನೀರಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಗಾಯ ತೊಳೆಯಲು ಬಳಸುವ ಬೇರೆಯೇ ವಸ್ತು. ಲೆಕ್ಕ ಸರಿಹೊಂದಲೆಂದು ಅವಳು ವಸ್ತುವನ್ನೇ ಬದಲಾಯಿಸಿಬಿಟ್ಟಿದ್ದಳು. ಸಂತೆಯಲ್ಲಿ ತಕ್ಕಡಿ ಸರಿದೂಗದಿದ್ದಾಗ ಇನ್ನಷ್ಟು ಅಕ್ಕಿ ಹಾಕುವುದು ನ್ಯಾಯ. ಅಕ್ಕಿಯನ್ನು ತೆಗೆದು ರಾಗಿ ಹಾಕಿದರೆ ತೂಕ ಸರಿಯಾದರೂ ವ್ಯಾಪಾರ ಸರಿಯಾಗುವುದಿಲ್ಲ. ಸೂತ್ರದ ಮುಂದೆ ಬರೆಯುವ ಅಂಕಿಯನ್ನು ಮುಟ್ಟಬಹುದು, ಸೂತ್ರದೊಳಗಿನ ಸಣ್ಣ ಅಂಕಿಯನ್ನು ಮುಟ್ಟಬಾರದು ಎಂಬ ಒಂದೇ ನಿಯಮ ಅವಳಿಗೆ ಗೊತ್ತಿರಲಿಲ್ಲ.

ಈ ಮೂವರಿಗೂ ಒಂದೇ ಪ್ರಶ್ನೆಯಲ್ಲಿ ಸೊನ್ನೆ. ಆದರೆ ಮೂವರ ಕಾಯಿಲೆ ಬೇರೆ, ಔಷಧವೂ ಬೇರೆ. ನನ್ನ ಸೊಗಸಾದ ವಾಕ್ಯ ಎರಡು ಕೆಲಸಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿದ್ದರಿಂದ, ಅಳತೆಗೆ ಸಿಕ್ಕಿತಾದರೂ ಏನನ್ನು ಅಳೆದೆನೆಂಬುದು ಸ್ಪಷ್ಟವಾಗಲಿಲ್ಲ. ಆದ್ದರಿಂದ ಅದನ್ನು ಎರಡಾಗಿ ಸೀಳಿದೆ. ಒಂದು: ‘ವೇಲೆನ್ಸಿಗಳ ಪಟ್ಟಿಯನ್ನು ಕೊಟ್ಟಾಗ, ಹೆಸರಿಸಿದ ಐದು ಸಂಯುಕ್ತಗಳಲ್ಲಿ ನಾಲ್ಕರ ಸೂತ್ರಗಳನ್ನು ಸರಿಯಾಗಿ ಬರೆಯುವರು.’ ಎರಡು: ‘ಸರಿಯಾದ ಸೂತ್ರಗಳನ್ನು ಕೊಟ್ಟಾಗ, ತಾವು ಹಿಂದೆ ಕಾಣದ ಐದು ಸಮೀಕರಣಗಳಲ್ಲಿ ನಾಲ್ಕನ್ನು, ಯಾವ ಸೂತ್ರವನ್ನೂ ಬದಲಾಯಿಸದೆ ಸರಿದೂಗಿಸಿ, ಪ್ರತಿ ಧಾತುವಿನ ಪರಮಾಣುಗಳ ಎಣಿಕೆಯನ್ನು ಎರಡು ಕಡೆಯೂ ಬರೆದು ತೋರಿಸುವರು.’ ವಾಕ್ಯ ಉದ್ದವಾಯಿತು ನಿಜ. ಆದರೆ ಅದರ ಒಂದೊಂದು ಮಾತೂ ಒಂದೊಂದು ತಪ್ಪಿನಿಂದ ಹುಟ್ಟಿದ್ದು. ‘ಸೂತ್ರವನ್ನೂ ಬದಲಾಯಿಸದೆ’ ಎಂಬುದು ನನ್ನ ತಂಗಿಗಾಗಿ. ‘ಎಣಿಕೆಯನ್ನು ಬರೆದು’ ಎಂಬುದು ಎರಡನೆಯವಳಿಗಾಗಿ. ‘ಹಿಂದೆ ಕಾಣದ’ ಎಂಬುದು ಎಲ್ಲರಿಗಾಗಿ. ಪುಸ್ತಕದಲ್ಲಿ ಮಾಡಿ ತೋರಿಸಿರುವ 3Fe + 4H₂O → Fe₃O₄ + 4H₂ ಎಂಬುದನ್ನು ಐವರೂ ಮಂತ್ರದಂತೆ ಒಪ್ಪಿಸಿದರು. ಅದನ್ನು ಕೇಳಿದರೆ ಅಳತೆಯಾಗುವುದು ಸರಿದೂಗಿಸುವಿಕೆಯಲ್ಲ, ನೆನಪು.

ಇಲ್ಲಿ ನನ್ನ 2021ರ ಪರೀಕ್ಷೆಯ ಗುಟ್ಟೂ ಬಯಲಾಯಿತು. ನಾಲ್ಕರಲ್ಲಿ ಸರಿಯಾದುದನ್ನು ‘ಗುರುತಿಸುವುದು’ ಒಂದು ಕ್ರಿಯಾಪದ. ‘ಬರೆದು ಸರಿದೂಗಿಸುವುದು’ ಇನ್ನೊಂದು. ನನಗೆ ಮೊದಲನೆಯದು ಬರುತ್ತಿತ್ತು. ಸಾಲದುದಕ್ಕೆ, ಏನೂ ಓದದವನು ಕಣ್ಣು ಮುಚ್ಚಿ ಸೊನ್ನೆಗಳನ್ನು ತುಂಬಿದರೂ 40ಕ್ಕೆ ಸುಮಾರು 10 ಅದೃಷ್ಟದಿಂದಲೇ ಬರಬಹುದು. ಮೊದಲನೆಯ ಕ್ರಿಯಾಪದವನ್ನು ಅಳೆದ ಅಂಕವನ್ನು ನಾನು ಎರಡನೆಯದರ ಅಂಕವೆಂದು ನಂಬಿ ಕಪ್ಪು ಹಲಗೆಯ ಮುಂದೆ ಹೋಗಿ ನಿಂತೆ.

ಹಾಗಾದರೆ ಒಳ್ಳೆಯ ಕ್ರಿಯಾಪದಗಳ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಬಿಟ್ಟರೆ ಸಾಕೆ? ಸಾಲದು. ನನ್ನ ಗೆಳೆಯರಲ್ಲಿ ಬಿ.ಎಡ್. ಓದುತ್ತಿರುವವರ ಪಾಠಯೋಜನೆಯ ಪುಸ್ತಕಗಳನ್ನು ನೋಡಿದ್ದೇನೆ. ‘ತಿಳಿಯುವರು’ ಎಂಬುದನ್ನು ಹೊಡೆದು ‘ವಿವರಿಸುವರು’ ಎಂದು ತಿದ್ದಿರುತ್ತಾರೆ. ಕೇಳುವ ಪ್ರಶ್ನೆ ಮಾತ್ರ ಹಳೆಯದೇ. ‘ಸ್ಥಾನಪಲ್ಲಟ ಕ್ರಿಯೆಯನ್ನು ಉದಾಹರಣೆಯೊಡನೆ ವಿವರಿಸಿ’ ಎಂದರೆ ನನ್ನ ತಂಗಿ ತಡವರಿಸದೆ, ಕಬ್ಬಿಣದ ಮೊಳೆ, ತಾಮ್ರದ ಸಲ್ಫೇಟ್ ದ್ರಾವಣ, Fe + CuSO₄ → FeSO₄ + Cu ಎಂದು ಪುಟದಲ್ಲಿದ್ದಂತೆಯೇ ಒಪ್ಪಿಸುತ್ತಾಳೆ. ಕ್ರಿಯಾಪದ ಮೇಲಿನ ಮೆಟ್ಟಿಲಿನದು. ಕೆಲಸ ಮಾತ್ರ ಕೆಳಗಿನ ಮೆಟ್ಟಿಲಿನದು.

ಆದ್ದರಿಂದ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: “ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟ್ ದ್ರಾವಣದಲ್ಲಿ ಅದ್ದಿದರೆ ಏನಾಗುವುದು?” ಅವಳು ತಡಮಾಡದೆ Cu + FeSO₄ → CuSO₄ + Fe ಎಂದು ಬರೆದುಕೊಟ್ಟಳು. ಸೂತ್ರಗಳೆಲ್ಲ ಸರಿ, ಎಣಿಕೆಯೂ ಸರಿ. ಆದರೆ ಹಾಗೆ ನಡೆಯುವುದೇ ಇಲ್ಲ! ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹ. ಅದು ತಾಮ್ರವನ್ನು ಅದರ ಸ್ಥಾನದಿಂದ ಹೊರದೂಡಬಲ್ಲದು, ತಾಮ್ರ ಕಬ್ಬಿಣವನ್ನು ದೂಡಲಾರದು. ಕಾಗದದ ಮೇಲೆ ಬರೆಯಬಹುದಾದ ಸಮೀಕರಣವೆಲ್ಲ ಲೋಕದಲ್ಲಿ ನಡೆಯುತ್ತದೆಯೆಂದು ಅವಳು ನಂಬಿದ್ದಳು. ಆ ನಂಬಿಕೆ ಅವಳ ಯಾವ ಪರೀಕ್ಷೆಯಲ್ಲಿಯೂ ಅದುವರೆಗೆ ಹೊರಬಿದ್ದಿರಲಿಲ್ಲ. ಅದನ್ನು ಹೊರತೆಗೆದ ಕ್ರಿಯಾಪದಗಳು ‘ಊಹಿಸು’ ಮತ್ತು ‘ಕಾರಣ ಕೊಡು’. ಅವಕ್ಕೆ ಬಲ ಬಂದುದು ಸಂದರ್ಭ ಹೊಸದಾದುದರಿಂದ. ಹೀಗೆ ಮೂರನೆಯ ವಾಕ್ಯ ಸಿದ್ಧವಾಯಿತು: ‘ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಕೊಟ್ಟಾಗ, ಪುಸ್ತಕದಲ್ಲಿಲ್ಲದ ನಾಲ್ಕು ಲೋಹ–ದ್ರಾವಣ ಜೋಡಿಗಳಲ್ಲಿ ಯಾವುವು ವರ್ತಿಸುವುವು, ಯಾವುವು ವರ್ತಿಸಲಾರವು ಎಂಬುದನ್ನು ಊಹಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯದಲ್ಲಿ ಕಾರಣ ಕೊಡುವರು.’ ಶ್ರೇಣಿಯ ಪಾಠ ಪುಸ್ತಕದಲ್ಲಿ ಆಮೇಲೆ, ಲೋಹಗಳ ಅಧ್ಯಾಯದಲ್ಲಿ ಬರುತ್ತದೆ. ಆದ್ದರಿಂದಲೇ ‘ಶ್ರೇಣಿಯನ್ನು ಕೊಟ್ಟಾಗ’ ಎಂಬ ಮಾತು ಅಗತ್ಯ. ನಾಲ್ಕು ಜೋಡಿಗಳಲ್ಲಿ ಎರಡಾದರೂ ವರ್ತಿಸದಂಥವಾಗಿರಬೇಕು. ಇಲ್ಲದಿದ್ದರೆ ಎಲ್ಲದಕ್ಕೂ ‘ಹೌದು’ ಎಂದವನೇ ಜಾಣನಾಗುತ್ತಾನೆ.

ಈ ಮಾತು ನಡೆಯುತ್ತಿದ್ದಾಗ ಅಪ್ಪ ಜಗಲಿಯ ಮೂಲೆಯಲ್ಲಿ ಕುಳಿತಿದ್ದರು. ಅವರಿಗೆ ಓದು ಬಾರದು. ತೋಟಗಳಲ್ಲಿ ಕೂಲಿಗೆ ಹೋಗಿ ಔಷಧ ಹೊಡೆಯುವುದು ಅವರ ಕಸುಬು. “ತಾಮ್ರದ ಸಲ್ಫೇಟ್ ಅಂದ್ರೆ ಮೈಲುತುತ್ತ ತಾನೆ?” ಎಂದು ಕೇಳಿದರು. ಹೌದೆಂದೆ. “ಅದುನ್ನ ಕಬ್ಬುಣದ ಬಾಂಡ್ಲಿಲಿ ಕದಡಬಾರ್ದು ಕನ್ಲಾ. ಸುಣ್ಣ ಸೇರುಸಿದ್ಮೇಲೆ ಕುಡ್ಲು ಅದ್ದಿ ನೋಡ್ಬೇಕು. ಕುಡ್ಲು ಕೆಂಪಗಾದ್ರೆ ಇನ್ನೂ ಸುಣ್ಣ ಹಾಕ್ಬೇಕು. ಇಲ್ದೇ ಇದ್ರೆ ಎಲೆ ಸುಟ್ಟೋಯ್ತದೆ,” ಎಂದರು.

ನಾನು ಅವಾಕ್ಕಾದೆ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣವೇ ಬೋರ್ಡೋ ದ್ರಾವಣ. ಸುಣ್ಣ ಕಡಮೆಯಾದರೆ ತಾಮ್ರ ದ್ರಾವಣದಲ್ಲಿ ಕರಗಿಯೇ ಉಳಿಯುತ್ತದೆ. ಹಾಗೆ ಉಳಿದ ತಾಮ್ರ ಎಲೆಯನ್ನು ಸುಡುತ್ತದೆ. ಉಜ್ಜಿ ಹೊಳಪು ಮಾಡಿದ ಕುಡುಗೋಲಿನ ಅಲಗನ್ನು ಅದ್ದಿದಾಗ ಅದೇ ಉಳಿದ ತಾಮ್ರ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ. ಪುಸ್ತಕದ ಮೊಳೆಯೂ ಅಪ್ಪನ ಕುಡುಗೋಲೂ ಒಂದೇ ಕ್ರಿಯೆ! ಅಪ್ಪನಿಗೆ ‘ಮಾಡಿ ಪರೀಕ್ಷಿಸುವುದು’ ಬರುತ್ತದೆ, ‘ಕಾರಣ ಕೊಡುವುದು’ ಬಾರದು. ತಂಗಿಗೆ ಸಮೀಕರಣ ‘ಬರೆಯುವುದು’ ಬರುತ್ತದೆ, ಕುಡುಗೋಲಿನಲ್ಲಿ ಅದನ್ನು ‘ಗುರುತಿಸುವುದು’ ಬಾರದು. ಇಬ್ಬರಲ್ಲಿ ಯಾರಿಗೆ ಸ್ಥಾನಪಲ್ಲಟ ಕ್ರಿಯೆ ‘ತಿಳಿದಿದೆ’ ಎಂದು ಕೇಳಿದರೆ ಉತ್ತರವಿಲ್ಲ. ಯಾರಿಗೆ ಯಾವ ಕ್ರಿಯಾಪದ ಬರುತ್ತದೆ ಎಂದು ಕೇಳಿದರೆ ಒಡನೆಯೇ ಉತ್ತರವಿದೆ. ಈ ಅಧ್ಯಾಯದ ಕೊನೆಗೆ ನಮ್ಮ ಕಡೆಯ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಮತ: ‘ಕುಡುಗೋಲಿನ ಈ ಪರೀಕ್ಷೆಗೆ ಕಾರಣವನ್ನು ಸಮೀಕರಣದೊಡನೆ ಬರೆಯಿರಿ.’

ಇನ್ನು ಪ್ರಯೋಗದ ಮಾತು. ‘ವೀಕ್ಷಿಸುವರು’ ಎಂಬುದು ನೋಡಲು ಕ್ರಿಯಾಪದದಂತಿದ್ದರೂ ‘ತಿಳಿಯುವರು’ ಎಂಬುದರ ತಮ್ಮನೇ. ಮೊಳೆಯ ಕಡೆಗೆ ಕಣ್ಣು ತಿರುಗಿಸಿ ಕುಳಿತ ಹುಡುಗ ಏನನ್ನು ಕಂಡನೆಂದು ಯಾರು ಬಲ್ಲರು? ಅಳೆಯಬಹುದಾದ ಮಾತು ‘ದಾಖಲಿಸುವರು’ ಎಂಬುದು. ಪುಸ್ತಕ ಹೇಳುವ ವಿಧಾನ ಚೆನ್ನಾಗಿಯೇ ಇದೆ: ಮೂರು ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿ, ಎರಡು ಪ್ರನಾಳಗಳಲ್ಲಿ 10 ಮಿಲಿಲೀಟರಿನಷ್ಟು ದ್ರಾವಣ ತೆಗೆದುಕೊಂಡು, ಒಂದರಲ್ಲಿ ಎರಡು ಮೊಳೆಗಳನ್ನು ದಾರ ಕಟ್ಟಿ ಸುಮಾರು 20 ನಿಮಿಷ ಇಳಿಬಿಡಬೇಕು. ಮೂರನೆಯ ಮೊಳೆಯನ್ನೂ ಎರಡನೆಯ ಪ್ರನಾಳವನ್ನೂ ಹೋಲಿಕೆಗಾಗಿ ಹಾಗೆಯೇ ಇಡಬೇಕು. ಮನೆಯಲ್ಲಿ ನಾವು ಇದನ್ನು ಗಾಜಿನ ಲೋಟಗಳಲ್ಲಿ ಮಾಡಿದೆವು. ಮೈಲುತುತ್ತ ವಿಷವಾದ್ದರಿಂದ ಆ ಲೋಟಗಳನ್ನು ಅವ್ವ ಮತ್ತೆ ಅಡಿಗೆಮನೆಗೆ ಸೇರಿಸಲಿಲ್ಲ. ಮೊದಲ ಸಲ ಮೊಳೆಯನ್ನು ಉಜ್ಜದೆ ಹಾಕಿದೆವು. ತುಕ್ಕು ಹಿಡಿದ ಕಡೆ ತಾಮ್ರ ಸರಿಯಾಗಿ ಕೂರಲಿಲ್ಲ. ದ್ರಾವಣವನ್ನು ಕಡುನೀಲಿಯಾಗುವಷ್ಟು ಗಟ್ಟಿ ಮಾಡಿದ್ದರಿಂದ ಬಣ್ಣ ತೆಳುವಾದುದೂ ಕಾಣಲಿಲ್ಲ. ಎರಡನೆಯ ಸಲ ತಿಳಿಯಾದ ನೀಲಿ ಮಾಡಿಕೊಂಡು, ಉಜ್ಜಿದ ಮೊಳೆ ಹಾಕಿದಾಗ ಎರಡೂ ಕಂಡುವು.

ಆಗ ಎಲ್ಲರೂ ‘ಮೊಳೆಯ ಮೇಲೆ ತಾಮ್ರ ಕುಳಿತಿತು’ ಎಂದು ಬರೆದರು. ಅದು ಕಂಡದ್ದಲ್ಲ, ಊಹಿಸಿದ್ದು. ಕಂಡದ್ದು ‘ಕಂದುಗೆಂಪು ಲೇಪ’ ಮತ್ತು ‘ನೀಲಿ ಬಣ್ಣ ತೆಳುವಾದುದು’. ಈ ವ್ಯತ್ಯಾಸ ಹಿಡಿಯುವಂತೆ ನಾಲ್ಕನೆಯ ವಾಕ್ಯವನ್ನು ಹೀಗೆ ಬರೆದೆ: ‘ಪ್ರಯೋಗವನ್ನು ನೋಡಿ, ಹೋಲಿಕೆಗೆ ಇಟ್ಟ ಮೊಳೆ ಮತ್ತು ದ್ರಾವಣಗಳೊಡನೆ ಹೋಲಿಸಿ, ಕಂಡ ಎರಡು ಬದಲಾವಣೆಗಳನ್ನು ಒಂದು ಸಾಲಿನಲ್ಲಿಯೂ ಅವುಗಳಿಂದ ಊಹಿಸಿದ್ದನ್ನು ಬೇರೆ ಸಾಲಿನಲ್ಲಿಯೂ ದಾಖಲಿಸುವರು.’ ಇಲ್ಲಿ ‘ಪ್ರಯೋಗ ಮಾಡಿ’ ಎನ್ನದೆ ‘ನೋಡಿ’ ಎಂದುದಕ್ಕೆ ಕಾರಣವಿದೆ. ಒಂದೇ ಸೀಸೆ ದ್ರಾವಣವಿದ್ದು ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಪ್ರಯೋಗ ಮಾಡುವವರು ಉಪಾಧ್ಯಾಯರೇ. ಮಕ್ಕಳು ಮಾಡದುದನ್ನು ‘ಮಾಡುವರು’ ಎಂದು ಪುಸ್ತಕದಲ್ಲಿ ಬರೆದರೆ ಅದು ಕಲಿಕಾ ಫಲವಲ್ಲ, ಸುಳ್ಳು ಲೆಕ್ಕ.

ಈ ಮತಕ್ಕೆ ಆಕ್ಷೇಪಗಳುಂಟು. ಕಲಿಕೆಯೆಲ್ಲವನ್ನೂ ಹೀಗೆ ಅಳತೆಗೋಲಿಗೆ ಕಟ್ಟಿದರೆ, ಮೆಗ್ನೀಸಿಯಂ ಪಟ್ಟಿ ಬೆಳ್ಳಗೆ ಉರಿದಾಗ ಮಗುವಿನ ಮನಸ್ಸಿನಲ್ಲಿ ಏಳುವ ಬೆರಗನ್ನು ಎಲ್ಲಿ ಬರೆಯುವುದು ಎಂದು ಕೇಳಬಹುದು. ಅದನ್ನು ಎಲ್ಲಿಯೂ ಬರೆಯಬೇಕಾಗಿಲ್ಲವೆಂದೇ ನನ್ನ ಉತ್ತರ. ಅಳೆಯಲಾಗದುದು ಇರಲಿ, ನಡೆಯಲಿ. ಅದಕ್ಕೆ ಸುಳ್ಳು ಅಳತೆ ಹಚ್ಚುವುದು ಬೇಡ. ಇನ್ನೊಂದು ಆಕ್ಷೇಪ ಹೆಚ್ಚು ಭಾರವಾದುದು. ಒಬ್ಬ ಉಪಾಧ್ಯಾಯರು ಎಷ್ಟು ಅಧ್ಯಾಯಗಳಿಗೆ, ಎಷ್ಟು ತರಗತಿಗಳಿಗೆ ಇಂಥ ವಾಕ್ಯಗಳನ್ನು ಬರೆಯಬೇಕು? ಅಧ್ಯಾಯದ ಒಂದೊಂದು ಪುಟಕ್ಕೂ ಒಂದೊಂದನ್ನು ಬರೆದರೆ ಪಾಠ ಮಾಡಲು ಹೊತ್ತೇ ಉಳಿಯದು. ಆದ್ದರಿಂದ ಒಂದು ಅಧ್ಯಾಯಕ್ಕೆ ನಾಲ್ಕೈದು ಸಾಕು. ಮೇಲೆ ನಾಲ್ಕನ್ನು ಹೇಳಿದೆ. ಐದನೆಯದು ಕ್ರಿಯೆಗಳ ವಿಧಗಳನ್ನು ಕುರಿತದ್ದು: ‘ಆರು ಹೊಸ ಸಮೀಕರಣಗಳನ್ನು ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂದು ವರ್ಗೀಕರಿಸಿ, ಪ್ರತಿಯೊಂದಕ್ಕೂ ಆಧಾರವನ್ನು ಹೇಳುವರು.’ ಆಧಾರ ಕೇಳದಿದ್ದರೆ ಜಗಳ ಬರುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುವುದನ್ನು ಒಬ್ಬನು ಸಂಯೋಗವೆನ್ನುತ್ತಾನೆ, ಇನ್ನೊಬ್ಬನು ಬಹಿರುಷ್ಣಕವೆನ್ನುತ್ತಾನೆ, ಇಬ್ಬರೂ ಸರಿ. ಒಂದು ಆಧಾರ ವಸ್ತುಗಳ ಜೋಡಣೆ, ಇನ್ನೊಂದು ಶಾಖ.

ಆ ಹಾಳೆಗಳನ್ನು ಕೊಟ್ಟು ಎರಡು ವಾರಗಳಾದ ಮೇಲೆ ಹೊಸ ಐದು ಸಮೀಕರಣಗಳನ್ನು ಕೊಟ್ಟೆ. ನನ್ನ ತಂಗಿ ನಾಲ್ಕನ್ನು ಸರಿಯಾಗಿ ಮಾಡಿದಳು. ಐದನೆಯದರಲ್ಲಿ ಎಡವಿ, ಹಾಳೆಯ ಅಂಚಿನಲ್ಲಿ ‘ಇದು ನನಗೆ ಬರಲಿಲ್ಲ’ ಎಂದು ಬರೆದಿದ್ದಳು. ಅದನ್ನು ಓದಿ ನಾನು ಹೆಚ್ಚು ಸಂತೋಷಪಟ್ಟೆ. 2021ರಲ್ಲಿ ಆ ವಾಕ್ಯವನ್ನು ಬರೆಯಲು ನನಗೆ ತಿಳಿದಿದ್ದರೆ, ಕಲಾ ವಿಭಾಗಕ್ಕೆ ನಾನು ಸೋತು ಬರದೆ ಆರಿಸಿಕೊಂಡು ಬರುತ್ತಿದ್ದೆನೋ ಏನೋ. ನಮ್ಮ ಕಾಲೇಜಿನಿಂದ ಮುಂದೆ ಉಪಾಧ್ಯಾಯರಾಗಿ ಹೋಗುವ ಮಿತ್ರರು ಪಾಠಯೋಜನೆಯ ಪುಸ್ತಕವನ್ನು ತೆರೆದು ‘ವಿದ್ಯಾರ್ಥಿಗಳು…’ ಎಂದು ಆರಂಭಿಸಿದಾಗ, ವಾಕ್ಯದ ಕೊನೆಯ ಪದವನ್ನು ಬರೆಯುವ ಮುನ್ನ ಒಂದು ಕ್ಷಣ ಲೇಖನಿಯನ್ನು ತಡೆದು, ‘ಇದು ಆಯಿತೇ ಇಲ್ಲವೇ ಎಂದು ನಾನು ಹೇಗೆ ಕಾಣುವೆ?’ ಎಂದು ತಮ್ಮನ್ನೇ ಕೇಳಿಕೊಳ್ಳಲಿ ಎಂಬುದಷ್ಟೇ ನನ್ನ ಬಿನ್ನಹ.